ಚೀಟಿಯಲ್ಲಿ ಕಚೇರಿಯ ಮಾತೇ ಇಲ್ಲದಿದ್ದರೆ

ನಮಸ್ಕಾರ, ಹಾಸನದಿಂದ ಮಾತನಾಡುತ್ತಿದ್ದೇನೆ. ಕಳೆದ ಕಂತಿಗೆ ಒಬ್ಬರು ಹೀಗೆ ಬರೆದಿದ್ದಾರೆ: ‘ಕಚೇರಿಯ ಕಿರುಕುಳಕ್ಕೆ ಡಾಕ್ಟರ ಚೀಟಿ ತಂದರೆ ಏನು ಬಂತು? ಐನೂರು ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಬರೆದುಕೊಡುತ್ತಾರೆ.’

ಅದನ್ನು ಓದಿದಾಗಿನಿಂದ ನನ್ನ ಕೋಪ ಇಳಿದಿಲ್ಲ. ನನ್ನ ಅಕ್ಕನ ಮಗಳ ದೂರು ಬಿದ್ದುಹೋಗುವ ಹಂತಕ್ಕೆ ಬಂದದ್ದು ಸುಳ್ಳು ಚೀಟಿಯಿಂದಲ್ಲ. ಚೀಟಿ ನಿಜವಾದದ್ದೇ, ಆದರೆ ಅದರಲ್ಲಿ ಕಚೇರಿಯ ಮಾತೇ ಇರಲಿಲ್ಲ.

ಅವಳು ಇಲ್ಲಿಯ ಒಂದು ಖಾಸಗಿ ಸಂಸ್ಥೆಯ ಲೆಕ್ಕ ವಿಭಾಗದಲ್ಲಿದ್ದಾಳೆ. ಸೋಮವಾರದ ಸಭೆಯಲ್ಲಿ ಮೇಲಧಿಕಾರಿ ಎಲ್ಲರೆದುರು ಅವಳ ಕಡತವನ್ನು ಮೇಜಿನ ಮೇಲೆ ಎಸೆದು ಮೂದಲಿಸುತ್ತಿದ್ದರು. ನಿದ್ರೆ ಕೆಟ್ಟಿತು. ಭಾನುವಾರ ಸಂಜೆಯಾದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ಫೆಬ್ರುವರಿಯಲ್ಲಿ ಆಸ್ಪತ್ರೆಗೆ ಹೋದಳು. ‘ತಲೆನೋವು ಸಾರ್, ನಿದ್ರೆ ಬರುತ್ತಿಲ್ಲ’ ಎಂದಳು, ಅಷ್ಟೇ. ಅವಮಾನವನ್ನು ಹೊರಗಿನವರ ಮುಂದೆ ಹೇಳಲು ಬಾಯಿ ಬರಲಿಲ್ಲ. ಹೊರರೋಗಿ ಚೀಟಿಯಲ್ಲಿಯೂ ಅದಷ್ಟೇ ದಾಖಲಾಯಿತು. ಮೇ ತಿಂಗಳಲ್ಲಿ ದೂರಿನ ಜೊತೆ ಅದನ್ನು ಇಟ್ಟಾಗ ವಿಚಾರಣಾ ಸಮಿತಿಯವರು ಕೇಳಿದರು: ‘ಇದರಲ್ಲಿ ಕಚೇರಿ ಎಲ್ಲಿದೆ? ಮನೆಯ ಚಿಂತೆಯೂ ಇರಬಹುದಲ್ಲವೇ?’

ಆದ್ದರಿಂದ ನನ್ನ ಮಾತು ಒಂದೇ. ಮೊದಲ ಭೇಟಿಯಲ್ಲೇ ಕಾರಣವನ್ನು ಹೇಳಿ, ಹೇಳಿದ್ದನ್ನು ಬರೆಯಲು ಕೇಳಿಕೊಳ್ಳಿ.

ವೈದ್ಯರು ನಿಮ್ಮ ಕಚೇರಿಯಲ್ಲಿ ಕುಳಿತಿರಲಿಲ್ಲ. ಬೈದವರು ಯಾರು ಎಂದು ಅವರು ಸಾಕ್ಷಿ ಹೇಳಲಾರರು. ಆ ದಿನ ನಿಮ್ಮ ಸ್ಥಿತಿ ಹೇಗಿತ್ತು, ಅದಕ್ಕೆ ಕಾರಣವೆಂದು ನೀವು ಏನು ಹೇಳಿದಿರಿ, ಇವೆರಡನ್ನು ದಿನಾಂಕ ಹಾಕಿ ಬರೆಯಬಲ್ಲರು. ‘ರೋಗಿ ಹೇಳಿದಂತೆ’ ಎಂಬ ಪದಗಳನ್ನು ಕಂಡು ಬೇಸರಪಡಬೇಡಿ, ಪ್ರಾಮಾಣಿಕ ದಾಖಲೆ ಇರುವುದೇ ಹಾಗೆ. ‘ಮ್ಯಾನೇಜರಿಂದಲೇ ಈ ಕಾಯಿಲೆ’ ಎಂದು ದೂರಿನ ಹಿಂದಿನ ದಿನ ಬರೆಸಿಕೊಂಡು ಬಂದ ಕಾಗದವನ್ನೇ ಜನ ಅನುಮಾನಿಸುವುದು.

ಅವಳ ಬಳಿ ಇನ್ನೊಂದು ಕಾಗದವಿತ್ತು, ಹುಚ್ಚಿ ಎಂದಾರು ಎಂಬ ಭಯಕ್ಕೆ ಬಚ್ಚಿಟ್ಟಿದ್ದಳು. ಮಾರ್ಚ್ 12ರಂದು ಆಪ್ತಸಮಾಲೋಚಕರ ಬಳಿ ಎಲ್ಲವನ್ನೂ ಹೇಳಿ ಅತ್ತಿದ್ದಳು. ‘ಮಾರ್ಚ್ 10ರ ಸಭೆಯಲ್ಲಿ ಮೇಲಧಿಕಾರಿ ಎಲ್ಲರೆದುರು ಅವಮಾನಿಸಿದರೆಂದು ಹೇಳುತ್ತಾರೆ, ಆ ರಾತ್ರಿಯಿಂದ ನಿದ್ರೆ ಇನ್ನಷ್ಟು ಕೆಟ್ಟಿದೆ’ ಎಂದು ಅವರು ಬರೆದಿದ್ದರು. ಅವಳ ಡೈರಿಯಲ್ಲಿ ಮಾರ್ಚ್ 10ರ ಟಿಪ್ಪಣಿಯಿತ್ತು, ಹಾಜರಿಯಲ್ಲಿ 11ರ ರಜೆಯಿತ್ತು. ದೂರಿನ ಯೋಚನೆಯೇ ಇಲ್ಲದ ಕಾಲದ ಮೂರು ಕಾಗದಗಳು ಒಂದೇ ಸಭೆಯತ್ತ ಬೆರಳು ಮಾಡಿದವು. ಆಮೇಲೆ ಸಮಿತಿಯವರು ಇಬ್ಬರು ಸಹೋದ್ಯೋಗಿಗಳನ್ನು ಕರೆದು ಮಾರ್ಚ್ 10ರ ಬಗ್ಗೆಯೇ ಕೇಳಿದರು. ಐನೂರು ರೂಪಾಯಿಯ ಮಹಾಶಯರೇ, ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಆದರೆ ಚಿಕಿತ್ಸೆಯ ಇಡೀ ಕಡತವನ್ನು ಎತ್ತಿ ಕೊಡಬೇಡಿ! ಅವಳು ಕೊಟ್ಟಳು. ಅದರಲ್ಲಿ ಅತ್ತೆಯ ಜೊತೆಗಿನ ಮನಸ್ತಾಪವೂ ಇತ್ತು, ಮುಂದಿನ ಅರ್ಧ ಗಂಟೆ ಪ್ರಶ್ನೆಗಳೆಲ್ಲ ಅದರ ಮೇಲೆಯೇ. ಭೇಟಿಯ ದಿನಾಂಕಗಳು, ಲಕ್ಷಣಗಳು, ನೀವು ಹೇಳಿದ ಕಾರಣ, ಚಿಕಿತ್ಸೆ, ಇಷ್ಟಿರುವ ಒಂದು ಪುಟದ ಸಾರಾಂಶವನ್ನು ಬರೆಸಿಕೊಳ್ಳಿ. ಮನೆಯ ಚಿಂತೆಯೂ ಇದ್ದರೆ ಅದನ್ನು ಇಲ್ಲವೆನ್ನಬೇಡಿ, ಕೇಳಿದಾಗ ಇದ್ದದ್ದನ್ನು ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗೋಪ್ಯ. ಮೇಲಧಿಕಾರಿ ಫೋನು ಮಾಡಿ ಕೇಳಿದ ಮಾತ್ರಕ್ಕೆ ಅದನ್ನು ಕೊಡುವಂತಿಲ್ಲ.

ನಿಮ್ಮ ದಾಖಲೆಯನ್ನು ಪಡೆಯುವ ಹಕ್ಕು ನಿಮಗಿದೆ. ರೋಗಿ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಬಿಲ್ಲುಗಳನ್ನೂ ಎಸೆಯಬೇಡಿ. ಕಿರುಕುಳ ಲೈಂಗಿಕ ಸ್ವರೂಪದ್ದಾಗಿದ್ದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಪರಿಹಾರ ನಿಗದಿಪಡಿಸುವಾಗ ಮಾನಸಿಕ ಯಾತನೆಯನ್ನೂ ಚಿಕಿತ್ಸೆಯ ಖರ್ಚನ್ನೂ ಪರಿಗಣಿಸುತ್ತಾರೆ. ಆ ದೂರಿಗೆ ಮೂರು ತಿಂಗಳ ಗಡುವಿದೆ, ದಾಖಲೆ ಬರಲಿ ಎಂದು ಕಾಯುತ್ತಾ ಕೂರಬೇಡಿ.

‘ಡಾಕ್ಟರಿಗೆ ಕಚೇರಿಯ ರಗಳೆ ಯಾಕೆ?’ ಎನ್ನುವವರಿದ್ದಾರೆ. ಯಾಕೆಂದರೆ ನಿದ್ರೆ ಕೆಡಿಸಿದ್ದು ಅದೇ! ಕಾರಣ ಹೇಳಿ, ಬರೆಸಿ. ನೂರು ಸಲ ಬೇಕಾದರೂ ಹೇಳುತ್ತೇನೆ.

ದೂರು ಬರೆಯುವ ಬಗೆಯ ಕುರಿತ ಕಂತು ಚಾನೆಲ್‌ನಲ್ಲಿದೆ, ನೋಡಿ, ಬೇಕಾದವರಿಗೆ ಕಳುಹಿಸಿ, ಚಂದಾದಾರರಾಗಿ. ಮುಂದಿನ ವಾರ ಶಾಲಾ ಮಕ್ಕಳ ವಿಷಯ. ಸಹಪಾಠಿಗಳ ಕಾಟಕ್ಕೆ ಹೆದರಿ ಶಾಲೆಗೆ ಹೋಗಲೊಲ್ಲದ ಮಗನ ಚೀಟಿಯನ್ನು ಚಿಕ್ಕಮಗಳೂರಿನ ಒಬ್ಬ ತಾಯಿ ಕಳುಹಿಸಿದ್ದಾರೆ, ನನ್ನ ಮುಂದೆಯೇ ಇದೆ. ಅದರಲ್ಲಿ ಬರೆದಿರುವುದು ‘ಹೊಟ್ಟೆನೋವು’ ಎಂದಷ್ಟೇ.