ಕರೆಯಬೇಕಾಯಿತು, ಕರೆಯಬೇಕಿತ್ತು: ಜರ್ಮನ್ ವಾಕ್ಯದ ಕೊನೆಯಲ್ಲಿ ಎರಡು ಕ್ರಿಯಾಪದ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆಯಿಂದ ಜರ್ಮನಿಯ ಆಸ್ಪತ್ರೆಗಳಿಗೆ ನರ್ಸ್ ಕೆಲಸಕ್ಕೆ ಹೋಗುವವರಿದ್ದಾರೆ. ಅವರು ಹೊರಡುವ ಮುಂಚೆ ಜರ್ಮನ್ ಕಲಿಯಲೇಬೇಕು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಒಂದೇ ಒಂದು ವಾಕ್ಯ ತೆಗೆದುಕೊಳ್ಳುತ್ತೇನೆ. 'ನಾನು ಡಾಕ್ಟರನ್ನು ಕರೆಯಬೇಕು.'

ಜರ್ಮನ್‌ನಲ್ಲಿ ಇದು 'ಇಷ್ ಮುಸ್ ಡೇನ್ ಆರ್ಟ್ಸ್ಟ್ ರೂಫೆನ್'. ಇಷ್ ಅಂದರೆ ನಾನು. ಮುಸ್ ಅಂದರೆ ಬೇಕು. ಡೇನ್ ಆರ್ಟ್ಸ್ಟ್ ಅಂದರೆ ಡಾಕ್ಟರನ್ನು. ರೂಫೆನ್ ಅಂದರೆ ಕರೆಯುವುದು. 'ಬೇಕು' ಅನ್ನುವ ಸಹಾಯಕ ಕ್ರಿಯಾಪದ ಎರಡನೆಯ ಜಾಗದಲ್ಲಿ ಕೂರುತ್ತದೆ, ಕರ್ತೃವಿಗೆ ತಕ್ಕ ಹಾಗೆ ರೂಪ ಬದಲಿಸುತ್ತದೆ. ಮುಖ್ಯ ಕ್ರಿಯಾಪದ ರೂಪ ಬದಲಿಸದೆ ವಾಕ್ಯದ ಕೊನೆಗೆ ಹೋಗುತ್ತದೆ. ನಡುವೆ 'ಇವತ್ತು ರಾತ್ರಿ', 'ಮೂರನೇ ವಾರ್ಡಿಗೆ' ಅಂತ ಎಷ್ಟೇ ಸೇರಿಸಿದರೂ ರೂಫೆನ್ ಕೊನೆಗೇ ಇರುತ್ತದೆ. ಹಾಗಾಗಿ ಕೊನೆಯವರೆಗೂ ಕೇಳಬೇಕು. ಕನ್ನಡದಲ್ಲೂ ಕ್ರಿಯಾಪದ ಕೊನೆಗೇ ತಾನೆ ಬರುವುದು, ಆದ್ದರಿಂದ ಇದು ನಮಗೆ ಅಷ್ಟು ಕಷ್ಟವಲ್ಲ.

ತೊಡಕು ಶುರುವಾಗುವುದು ನಡೆದುಹೋದ ಸಂಗತಿ ಹೇಳುವಾಗ. 'ಕರೆದೆ' ಅನ್ನುವುದಕ್ಕೆ 'ಇಷ್ ಹಾಬೆ ಡೇನ್ ಆರ್ಟ್ಸ್ಟ್ ಗೆರೂಫೆನ್'. ಮುಂದೆ ಹಾಬೆ, ಕೊನೆಯಲ್ಲಿ 'ಗೆ' ಸೇರಿದ ಭೂತರೂಪ. ಇದನ್ನು ಕಲಿತವರು 'ಕರೆಯಬೇಕಾಯಿತು' ಅನ್ನುವುದಕ್ಕೂ ಅದೇ ಲೆಕ್ಕ ಹಾಕಿ 'ರೂಫೆನ್ ಗೆಮುಸ್ಟ್' ಅಂದುಬಿಡುತ್ತಾರೆ. ಅದು ತಪ್ಪು. ಸರಿಯಾದದ್ದು 'ಇಷ್ ಹಾಬೆ ಡೇನ್ ಆರ್ಟ್ಸ್ಟ್ ರೂಫೆನ್ ಮ್ಯೂಸೆನ್'. ಕೊನೆಯಲ್ಲಿ ಎರಡು ಮೂಲರೂಪಗಳು, ಎರಡಕ್ಕೂ 'ಗೆ' ಇಲ್ಲ. ಗೆಮುಸ್ಟ್ ಅನ್ನುವ ರೂಪ ಇದೆ, ಆದರೆ ಜೊತೆಗೆ ಇನ್ನೊಂದು ಕ್ರಿಯಾಪದ ಇಲ್ಲದಾಗ ಮಾತ್ರ ಬಳಸುತ್ತಾರೆ.

ಈಗ ಆ ಕೊನೆಯ ಎರಡು ಪದಗಳನ್ನು ಕನ್ನಡದ ಪಕ್ಕ ಇಟ್ಟು ನೋಡಿ. ಕರೆಯ, ಬೇಕು, ಆಯಿತು. ರೂಫೆನ್, ಮ್ಯೂಸೆನ್, ಹಾಬೆ. ಮೊದಲ ಎರಡರ ಸಾಲು ಒಂದೇ! ನಮ್ಮ 'ಆಯಿತು' ಮಾಡುವ ಕೆಲಸ ಮಾಡುವ ಹಾಬೆ ಮಾತ್ರ ಎರಡನೆಯ ಜಾಗಕ್ಕೆ ಎದ್ದು ಹೋಗಿದೆ. ಇಂಗ್ಲಿಷ್ ಮೂಲಕ ಯೋಚಿಸಿದರೆ ಈ ಸಾಲು ತಲೆಕೆಳಗಾಗಿ ಕಾಣುತ್ತದೆ. ಅದಕ್ಕೇ ನಾನು ಹೇಳುವುದು, ಇಲ್ಲಿ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದಲೇ ಹೊರಡಿ.

ಇನ್ನೊಂದು ಎಚ್ಚರ. 'ಡಾಕ್ಟರು ಬಂದರು' ಅನ್ನುವಾಗ ಹಾಬೆಯ ಬಳಗ ಬರುವುದಿಲ್ಲ, 'ಡೇರ್ ಆರ್ಟ್ಸ್ಟ್ ಇಸ್ಟ್ ಗೆಕೊಮೆನ್' ಅನ್ನಬೇಕು. ಆದರೆ 'ಡಾಕ್ಟರು ಬರಬೇಕಾಯಿತು' ಅಂದ ತಕ್ಷಣ ಇಸ್ಟ್ ಹೋಗಿ ಹಾಟ್ ಬರುತ್ತದೆ: 'ಡೇರ್ ಆರ್ಟ್ಸ್ಟ್ ಹಾಟ್ ಕೊಮೆನ್ ಮ್ಯೂಸೆನ್'. ಯಾವುದು ಬೇಕೆಂದು ತೀರ್ಮಾನಿಸುವುದು ಮ್ಯೂಸೆನ್, ಕೊಮೆನ್ ಅಲ್ಲ.

ನಿಜ ಹೇಳಬೇಕೆಂದರೆ, ದಿನದ ಮಾತಿನಲ್ಲಿ ಜರ್ಮನ್ನರು ಇಷ್ಟು ಉದ್ದಕ್ಕೆ ಹೋಗದೆ 'ಇಷ್ ಮುಸ್ಟೆ ಡೇನ್ ಆರ್ಟ್ಸ್ಟ್ ರೂಫೆನ್' ಅಂದು ಮುಗಿಸುವುದೇ ಜಾಸ್ತಿ. ಹಾಗಿದ್ದರೆ ಎರಡು ಮೂಲರೂಪಗಳ ಗೊಡವೆ ಯಾಕೆ? ತಪ್ಪಿಸಿಕೊಳ್ಳಲಾಗದ ಜಾಗ ಒಂದಿದೆ.

ಅದು 'ಕರೆಯಬೇಕಿತ್ತು'. 'ಕರೆಯಬೇಕಾಯಿತು' ಅಂದರೆ ಕರೆದದ್ದಾಯಿತು. 'ಕರೆಯಬೇಕಿತ್ತು' ಅಂದರೆ ಸಾಮಾನ್ಯವಾಗಿ ಕರೆಯಲಿಲ್ಲ ಅಂತಲೇ ಅರ್ಥ. ಜರ್ಮನ್‌ನಲ್ಲಿ ಈ ವ್ಯತ್ಯಾಸವನ್ನೆಲ್ಲ ಹೊರುವುದು ಒಂದೇ ಪದ. ಹಾಬೆ ಇದ್ದಲ್ಲಿ ಹೆಟೆ ಬರುತ್ತದೆ: 'ಇಷ್ ಹೆಟೆ ಡೇನ್ ಆರ್ಟ್ಸ್ಟ್ ರೂಫೆನ್ ಮ್ಯೂಸೆನ್'. ಉಳಿದ ಪದಗಳು ಹಾಗ್‌ಹಾಗೇ ಇವೆ. ಮುಸ್ಟೆ ಹಾಕಿ ಇದನ್ನು ಹೇಳಲಾಗುವುದಿಲ್ಲ, ಮುಸ್ಟೆ ಅಂದರೆ ಕರೆದಿರಿ ಅಂತ ತಿಳಿಯುತ್ತಾರೆ. ಬೆಳಿಗ್ಗೆ ಪಾಳಿ ಬದಲಾಗುವಾಗ ರಾತ್ರಿಯ ಸುದ್ದಿ ಒಪ್ಪಿಸುವ ನರ್ಸ್ ಹಾಬೆ ಅಂದರೆ ಡಾಕ್ಟರಿಗೆ ವಿಷಯ ಗೊತ್ತು. ಹೆಟೆ ಅಂದರೆ ಗೊತ್ತಿಲ್ಲ, ಯಾರಾದರೂ ಈಗಲೇ ಫೋನ್ ಮಾಡಬೇಕು.

ಕೊನೆಯ ಪದ ಬದಲಿಸಿದರೆ ಬೇರೆ ಛಾಯೆಗಳೂ ಸಿಗುತ್ತವೆ. 'ಹೆಟೆ ರೂಫೆನ್ ಕ್ಯೊನೆನ್' ಅಂದರೆ ಕರೆಯಬಹುದಿತ್ತು. 'ಹೆಟೆ ರೂಫೆನ್ ಸೊಲೆನ್' ಅಂದರೆ ಕರೆಯಬೇಕಿತ್ತು, ಆದರೆ ಮ್ಯೂಸೆನ್‌ನಷ್ಟು ಕಟ್ಟುನಿಟ್ಟಲ್ಲ.

ಇಷ್ಟು ದೂರ ಕನ್ನಡ ಕೈಹಿಡಿಯಿತು. 'ವೈಲ್', ಅಂದರೆ 'ಯಾಕೆಂದರೆ' ಅಂತ ಶುರುವಾಗುವ ಉಪವಾಕ್ಯದಲ್ಲಿ ಕೈಬಿಡುತ್ತದೆ. ಅಂಥ ಕಡೆ ರೂಪ ಬದಲಿಸುವ ಕ್ರಿಯಾಪದ ಎಲ್ಲಕ್ಕಿಂತ ಕೊನೆಗೆ ಹೋಗಬೇಕು ಅನ್ನುವುದು ಜರ್ಮನ್ ನಿಯಮ. ಹಾಗಾಗಿ 'ರೂಫೆನ್ ಮ್ಯೂಸೆನ್ ಹಾಬೆ' ಅನ್ನಬೇಕು ಅನ್ನಿಸುತ್ತದೆ, ನಮ್ಮ 'ಕರೆಯಬೇಕಾಯಿತು'ವಿನ ಹಾಗೇ. ಆದರೆ ಎರಡು ಮೂಲರೂಪ ಇರುವಾಗ ಹಾಬೆ ಅವುಗಳ ಮುಂದೆ ನಿಲ್ಲುತ್ತದೆ: 'ವೈಲ್ ಇಷ್ ಡೇನ್ ಆರ್ಟ್ಸ್ಟ್ ಹಾಬೆ ರೂಫೆನ್ ಮ್ಯೂಸೆನ್'. ಹೆಟೆಗೂ ಇದೇ ಜಾಗ. ಆಸ್ಟ್ರಿಯಾದ ಕಡೆ ಹೋದರೆ ಅದು ಎರಡರ ನಡುವೆ ಸೇರಿಕೊಂಡು 'ರೂಫೆನ್ ಹಾಬೆ ಮ್ಯೂಸೆನ್' ಅಂತಲೂ ಕಿವಿಗೆ ಬೀಳುತ್ತದೆ. ಅಲ್ಲಿನವರ ಬಾಯಲ್ಲಿ ಅದು ಸಹಜ. ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಮುಂದೆ ನಿಲ್ಲುವ ರೂಪವನ್ನೇ ಬರೆಯಿರಿ.

ನಮಸ್ಕಾರ.