ದುಂಡು ಮುಖ, ಉದ್ದ ಮುಖ: ಒಂದೇ ಹುಬ್ಬು ಇಬ್ಬರಿಗೂ ಯಾಕೆ ಒಪ್ಪುವುದಿಲ್ಲ?

ಹಾಯ್ ಎಲ್ಲರಿಗೂ. ಪಕ್ಕದಲ್ಲಿ ಕೂತಿರುವುದು ನನ್ನ ಅಕ್ಕ. ವಿಡಿಯೋಗೆ ಬರಲ್ಲ ಅಂತ ಹೇಳುತ್ತಲೇ ಬಂದು ಕೂತಿದ್ದಾಳೆ. ಅವಳನ್ನು ಯಾಕೆ ಎಳೆದು ತಂದೆ ಅಂದರೆ, ನನ್ನದು ದುಂಡು ಮುಖ, ಅವಳದು ಉದ್ದ ಮುಖ. ಹುಬ್ಬು ಬೆಳೆಯುವ ರೀತಿ ಮಾತ್ರ ಇಬ್ಬರದೂ ಒಂದೇ. ಹಾಗಂತ ಇಬ್ಬರಿಗೂ ಒಂದೇ ಶೇಪ್ ಮಾಡಿದರೆ ಒಬ್ಬಳ ಮುಖ ಕೆಡುವುದು ಗ್ಯಾರಂಟಿ.

ಕೂದಲು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೇವೆ, ನೋಡ್ತಾ ಇರಿ. ಮೊದಲು ಮುಖ ಯಾವ ಥರ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಎಲ್ಲರೂ ಮಾಡುವ ಕೆಲಸ ಸೆಲ್ಫಿ. ಸೆಲ್ಫಿ ನಂಬಬೇಡಿ. ಫೋನ್ ಹತ್ತಿರ ಇದ್ದರೆ ಮೂಗು ದೊಡ್ಡದಾಗಿ ಕಾಣುತ್ತದೆ, ಕೆನ್ನೆ, ಕಿವಿ ಹಿಂದಕ್ಕೆ ಸರಿದ ಹಾಗೆ ಕಾಣುತ್ತವೆ, ಒಟ್ಟು ಮುಖ ಇರುವುದಕ್ಕಿಂತ ಸಪೂರ ಅನಿಸುತ್ತದೆ. ನನ್ನಂಥ ದುಂಡು ಮುಖದವರಿಗೆ ಅದು ಖುಷಿಯೇ, ಆದರೆ ಸುಳ್ಳು ಖುಷಿ. ಫೋನನ್ನು ಒಂದೂವರೆ ಮೀಟರ್ ದೂರ, ಕಣ್ಣಿನ ಎತ್ತರಕ್ಕೆ ಇಟ್ಟು ಟೈಮರ್ ಹಾಕಿ ಫೋಟೊ ತೆಗೆಯಿರಿ. ಆಮೇಲೆ ಆ ಫೋಟೊ ಮೇಲೇ ಅಳೆಯಿರಿ. ಕೂದಲು ಶುರುವಾಗುವ ಜಾಗದಿಂದ ಗಲ್ಲದವರೆಗೆ ಒಂದು ಅಳತೆ, ಕೆನ್ನೆಯ ಮೂಳೆಯ ಹತ್ತಿರ ಅಡ್ಡಕ್ಕೆ ಒಂದು ಅಳತೆ. ನನ್ನದು ಅಡ್ಡ 10 ಇದ್ದರೆ ಉದ್ದ 11.5, ಹೆಚ್ಚು ಕಡಿಮೆ ಸಮ, ಅಂದರೆ ದುಂಡು. ಅಕ್ಕನದು ಅಡ್ಡ 10ಕ್ಕೆ ಉದ್ದ 16. ಒಂದೂವರೆ ಪಟ್ಟು ದಾಟಿದರೆ ಉದ್ದ ಮುಖ ಅಂತಲೇ ಇಟ್ಟುಕೊಳ್ಳಿ. ನಡುವೆ ಎಲ್ಲೋ ಇದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ, ನಿಮ್ಮ ಹುಬ್ಬು ಹೇಗಿದೆಯೋ ಹಾಗೇ ಬಿಟ್ಟರೂ ನಡೆಯುತ್ತದೆ.

ಈಗ ನನ್ನ ಹುಬ್ಬು. ಮೂರು ಗುರುತು ಹಾಕುತ್ತಿದ್ದೇನೆ, ಪೆನ್ಸಿಲ್ ಹಿಡಿಯುವ ರೀತಿ ಕಾಣ್ತಿದೆ ಅಲ್ವಾ. ಮೂಗಿನ ಹೊಳ್ಳೆಯ ಪಕ್ಕದಿಂದ ನೇರ ಮೇಲಕ್ಕೆ ಹೋದರೆ ಹುಬ್ಬು ಶುರುವಾಗುವ ಜಾಗ. ಅದೇ ಹೊಳ್ಳೆಯ ಪಕ್ಕದಿಂದಲೇ ಪೆನ್ಸಿಲ್ ಓರೆ ಮಾಡಿ ಕಣ್ಣುಗುಡ್ಡೆಯ ಕಪ್ಪಿನ ಹೊರ ಅಂಚಿನ ಮೇಲೆ ಹಾಯಿಸಿದರೆ ಆರ್ಚ್, ಕಣ್ಣಿನ ಹೊರ ತುದಿಯ ಮೇಲೆ ಹಾಯಿಸಿದರೆ ಬಾಲ. ಇದೆಲ್ಲ ನೇರ ಕನ್ನಡಿ ನೋಡಿಕೊಂಡು ಮಾಡಬೇಕು, ಗಲ್ಲ ಮೇಲೆತ್ತಿದರೆ ಅಳತೆಯೆಲ್ಲ ಅಡ್ಡಾದಿಡ್ಡಿ.

ದುಂಡು ಮುಖಕ್ಕೆ ಗೋಳು ಏನು ಅಂದರೆ, ಗಲ್ಲ, ಕೆನ್ನೆ ಎಲ್ಲ ಮೊದಲೇ ಬಳುಕಿದ ಗೆರೆಗಳು. ಅದರ ಮೇಲೆ ಹುಬ್ಬನ್ನೂ ಅರ್ಧ ಚಂದ್ರ ಮಾಡಿಬಿಟ್ಟರೆ ದುಂಡು ಇನ್ನಷ್ಟು ದುಂಡಾಗುತ್ತದೆ. ಬೇಕಾಗಿರುವುದು ಒಂದು ಕೋನ. ಶುರುವಿನಿಂದ ಆರ್ಚ್‌ವರೆಗೆ ಹೆಚ್ಚು ಕಡಿಮೆ ನೇರವಾಗಿ ಏರಬೇಕು, ಅಲ್ಲಿ ಮೆತ್ತಗೆ ಮುರಿದು, ಬಾಲ ಗಿಡ್ಡವಾಗಿ ಇಳಿಯಬೇಕು. ಏರು ಗೆರೆ ನೋಟವನ್ನು ಮೇಲಕ್ಕೆ ಎಳೆಯುತ್ತದೆ, ಹುಬ್ಬಿನ ಕೆಳಗೆ ಜಾಗ ಜಾಸ್ತಿ ಕಾಣುತ್ತದೆ, ಅದರಿಂದ ಮುಖಕ್ಕೆ ಉದ್ದ ಬಂದ ಹಾಗೆ ಅನಿಸುತ್ತದೆ. ಬಾಲದ ಬಗ್ಗೆ ಒಂದು ಪರೀಕ್ಷೆ ಇದೆ. ಹುಬ್ಬು ಶುರುವಾಗುವ ಜಾಗದ ಕೆಳ ಅಂಚಿಗೆ ಪೆನ್ಸಿಲನ್ನು ಅಡ್ಡಲಾಗಿ ಇಡಿ. ಬಾಲದ ತುದಿ ಆ ಪೆನ್ಸಿಲ್‌ಗಿಂತ ಕೆಳಗೆ ಬಂತಾ? ಹಾಗಾದರೆ ಕೆನ್ನೆಯನ್ನೂ ಜೊತೆಗೆ ಕೆಳಕ್ಕೆ ಎಳೆಯುತ್ತಿದೆ ಅಂತ ಅರ್ಥ.

ಆರ್ಚ್ ಎತ್ತರ ಅಂದ ತಕ್ಷಣ ಸಿಕ್ಕಾಪಟ್ಟೆ ಎತ್ತಬೇಡಿ. ಹುಬ್ಬಿನ ಕೆಳಗೆ ಮೂಳೆ ಇರುತ್ತದಲ್ಲ, ಬೆರಳಿಟ್ಟು ನೋಡಿ, ಆ ದಿಣ್ಣೆಯ ಮೇಲೇ ಹುಬ್ಬು ಕೂರಬೇಕು. ಅದನ್ನು ಬಿಟ್ಟು ಮೇಲೆ ಬಿಡಿಸಿದರೆ ದಿನವಿಡೀ ಗಾಬರಿಯಾದ ಮುಖ. ನಾನು ಕೆಳಗಿನಿಂದ ಒಂದೆರಡು ಮಿಲಿಮೀಟರ್ ಮಾತ್ರ ತೆಗೆಯುತ್ತೇನೆ, ಉಳಿದ ಎತ್ತರವನ್ನು ಪೆನ್ಸಿಲ್‌ನಲ್ಲಿ ಕೊಡುತ್ತೇನೆ. ತೆಳ್ಳಗೆ ಮಾತ್ರ ಮಾಡಬೇಡಿ. ತೆಳು ಹುಬ್ಬಿನ ಪಕ್ಕದಲ್ಲಿ ಕೆನ್ನೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಆಯ್ತು, ಅಕ್ಕ, ಈ ಕಡೆ ತಿರುಗು. ಇವಳ ಕಥೆ ಹೇಳಲೇಬೇಕು, ಯಾಕಂದರೆ ನನಗೆ ಇನ್ನೂ ಕೋಪ ಇಳಿದಿಲ್ಲ. ಥ್ರೆಡ್ಡಿಂಗ್‌ಗೆ ಹೋಗಿ, ಸುಮ್ನೆ ಕ್ಲೀನ್ ಮಾಡಿ ಸಾಕು ಅಂದಳಂತೆ. ಅವರು ಹೂಂ ಅಂದರು, ದಾರ ಹಿಡಿದರು, ಇವಳು ಕಣ್ಣು ಮುಚ್ಚಿದಳು, ಕಣ್ಣು ಬಿಟ್ಟಾಗ ಆರ್ಚ್ ಹಣೆಗೆ ಹತ್ತಿತ್ತು, ಬಾಲ ಅರ್ಧ ಮಾಯ. ಕೇಳಿದರೆ, 'ಮೇಡಂ, ಈಗ ಎಲ್ಲರೂ ಇದನ್ನೇ ಕೇಳ್ತಾರೆ, ನಿಮಗೆ ಚೆನ್ನಾಗಿ ಒಪ್ಪುತ್ತೆ' ಅಂತ ಉತ್ತರ! ಎಲ್ಲಿ ಒಪ್ಪುತ್ತದೆ? ಉದ್ದ ಮುಖಕ್ಕೆ ಎತ್ತರದ ಆರ್ಚ್ ಹಾಕಿದರೆ ಮುಖ ಇನ್ನೂ ಉದ್ದ. ನನಗೆ ಒಳ್ಳೆಯದು ಅಂತ ಈಗಷ್ಟೇ ಹೇಳಿದೆನಲ್ಲ, ಅದೇ ಇವಳಿಗೆ ವಿಷ. ಥ್ರೆಡ್ಡಿಂಗೇ ಬೇಡ ಅಂತ ನಾನು ಆವತ್ತು ತೀರ್ಮಾನ ಮಾಡಿದೆ. ಆಮೇಲೆ ಪ್ಲಕರ್‌ನಲ್ಲಿ ಒಂದೊಂದೇ ಕೂದಲು ಕೀಳುತ್ತಾ ಕೂತಾಗ ಕತ್ತು ನೋವು ಬಂದು, ಥ್ರೆಡ್ಡಿಂಗೇ ವಾಸಿ ಅನಿಸಿತು. ಒಟ್ಟಿನಲ್ಲಿ ಕಣ್ಣು ಮುಚ್ಚುವ ಮೊದಲು ಕನ್ನಡಿ ಕೇಳಿ, ಒಂದು ಹುಬ್ಬು ಆದ ಮೇಲೆ ಎರಡನೆಯದು ಮುಟ್ಟುವ ಮೊದಲು ಇನ್ನೊಮ್ಮೆ ಕೇಳಿ. ಹುಬ್ಬಿನ ಕೂದಲು ಪೂರ್ತಿ ಬರಲು ಮೂರು ನಾಲ್ಕು ತಿಂಗಳು ಬೇಕಾಗುತ್ತದೆ. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಕೆಲವರಿಗೆ ಮತ್ತೆ ಬರುವುದೇ ಇಲ್ಲ.

ಅಕ್ಕ ಸಾಕು ಕಣೇ ಅಂತಿದ್ದಾಳೆ. ಸರಿ, ಕೆಲಸಕ್ಕೆ ಬರೋಣ.

ಇವಳಿಗೆ ಬೇಕಾಗಿರುವುದು ಅಡ್ಡ ಗೆರೆ. ಮುಖದ ಉದ್ದದ ನಡುವೆ ಚಪ್ಪಟೆಯಾದ ಹುಬ್ಬು ಬಂದರೆ ನೋಟ ಮೇಲೆ ಕೆಳಗೆ ಓಡದೆ ಪಕ್ಕಕ್ಕೆ ಹೋಗುತ್ತದೆ. ಆರ್ಚ್ ಜಾಗ ಅದೇ, ಎತ್ತರ ಮಾತ್ರ ಇಳಿಸುತ್ತೇವೆ. ಹೇಗೆ? ಕೂದಲು ಕಿತ್ತಲ್ಲ. ಆರ್ಚ್‌ನ ಮೇಲಂಚಿನ ಒಂದು ಸಾಲು ಕೂದಲಿಗೆ ಕನ್ಸೀಲರ್ ಹಚ್ಚಿ ಮುಚ್ಚಿದೆ, ಆರ್ಚ್‌ನ ಕೆಳಗೆ ಖಾಲಿ ಇರುವ ಜಾಗವನ್ನು ಪೆನ್ಸಿಲ್‌ನಲ್ಲಿ ತುಂಬಿದೆ. ಕೆಳಗಿನ ಗೆರೆ ಈಗ ಹೆಚ್ಚು ಕಡಿಮೆ ನೇರ, ಹತ್ತಿರದಿಂದ ತೋರಿಸುತ್ತೇನೆ ನೋಡಿ. ಬಾಲವನ್ನು ಗುರುತಿಗಿಂತ ಒಂಚೂರು ಆಚೆಗೆ ಎಳೆದಿದ್ದೇನೆ, ಕಿವಿಯ ಕಡೆಗೆ, ಕೆಳಕ್ಕಲ್ಲ. ಕೆಳಕ್ಕೆ ಎಳೆದರೆ ಅಳುವ ಮುಖ ಬರುತ್ತದೆ. ಗಡಿ ಗೆರೆ ಎಳೆದು ಒಳಗೆ ಬಣ್ಣ ತುಂಬಬೇಡಿ, ಕೂದಲು ಬೆಳೆಯುವ ದಿಕ್ಕಿಗೆ ಚಿಕ್ಕ ಚಿಕ್ಕ ಗೀಟು ಹಾಕಿ ಬ್ರಷ್‌ನಿಂದ ಬಾಚಿ.

ಎಡಗಡೆ ಮಾತ್ರ ಮಾಡಿದ್ದೇನೆ, ಬಲಗಡೆ ಹಾಗೇ ಇದೆ. ಬೇಕಂತಲೇ. ಈಗ ಮತ್ತೆ ಅದೇ ದೂರದಿಂದ ಫೋಟೊ. ಫೋಟೊದಲ್ಲಿ ಒಂದು ಪಕ್ಕವನ್ನು ಕೈಯಿಂದ ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ಎಡಗಡೆ ಹಣೆ ಚಿಕ್ಕದಾಗಿ ಕಾಣುತ್ತಿದೆ ಅಲ್ವಾ? ಇದೇ ಮೇಕಪ್ ಹುಬ್ಬನ್ನು ಎರಡು ಮೂರು ದಿನ ಹಾಕಿಕೊಂಡು ಓಡಾಡಿ, ಮನೆಯವರು ಏನಂತಾರೆ ಕೇಳಿ, ಒಪ್ಪಿಗೆಯಾದರೆ ಮಾತ್ರ ಕನ್ಸೀಲರ್ ಕೆಳಗಿದ್ದ ಕೂದಲನ್ನು ತೆಗೆಯಿರಿ. ಥ್ರೆಡ್ಡಿಂಗ್‌ಗೆ ಹೋಗುವುದಾದರೂ ಈ ಫೋಟೊ ತೋರಿಸಿ. ಸ್ವಲ್ಪ ಶೇಪ್ ಮಾಡಿ ಅನ್ನಬೇಡಿ, ಅವರ ಸ್ವಲ್ಪವೇ ಬೇರೆ. ಬಾಲ ಮುಟ್ಟಬೇಡಿ, ಆರ್ಚ್ ಕೆಳಗೆ ತೆಗೆಯಬೇಡಿ ಅಂತ ಬಿಡಿಸಿ ಹೇಳಿ.

ಬಲಗಡೆ ಮಾಡುವುದನ್ನು ವೇಗವಾಗಿ ಓಡಿಸುತ್ತೇನೆ. ಬ್ಯಾಟರಿ ಕೆಂಪು ತೋರಿಸ್ತಾ ಇದೆ, ಅಕ್ಕ ಆಗಲೇ ಎದ್ದು ಹೋಗ್ತಿದ್ದಾಳೆ. ಏ, ಒಂದು ಹುಬ್ಬು ಬಾಕಿ ಇದೆ, ಬಾರೇ ಇಲ್ಲಿ!