ಒಳಗೆ ಕೂತರೂ ಹತ್ತದ ದೀಪ: ಫೋನ್ ವೈರ್ ಮತ್ತು ಲ್ಯಾನ್ ಕೇಬಲ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಚಿಕ್ಕಪ್ಪನವರ ಮನೆ. ಕೆಳಗಿನ ಹಜಾರದಲ್ಲಿ ಫೈಬರ್ ಮೋಡೆಮ್ ಇದೆ, ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇದೆ. ಎರಡರ ನಡುವೆ ಹಳೆಯ ಲ್ಯಾಂಡ್‌ಲೈನಿನ ಚಪ್ಪಟೆ ವೈರನ್ನು ಚಿಕ್ಕಪ್ಪ ತಾವೇ ಗೋಡೆಗುಂಟ ಎಳೆದಿದ್ದರು. ಸುಮಾರು 15 ಮೀಟರ್ ಉದ್ದದ ಆ ವೈರನ್ನು ಎರಡೂ ಕಡೆ ಸಿಕ್ಕಿಸಿದ್ದರೂ ಸಂಪರ್ಕ ಸಿಕ್ಕಿದೆ ಎಂದು ತೋರಿಸುವ ದೀಪ ಮಾತ್ರ ಹತ್ತಿರಲಿಲ್ಲ. "ಟಕ್ ಅಂತ ಒಳಗೆ ಕೂತ್ಕೊಂಡಿತಲ್ಲೋ, ಇನ್ನೇನು ಬೇಕು ಅದಕ್ಕೆ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಮೋಡೆಮಿನ ಹಿಂಭಾಗವನ್ನು ಹತ್ತಿರದಿಂದ ನೋಡಿ. ಲ್ಯಾನ್ ಎಂದು ಬರೆದಿರುವ ನಾಲ್ಕು ಸಾಕೆಟ್‌ಗಳು ಅಗಲವಾಗಿದ್ದು, ಒಂದೊಂದರ ಒಳಗೂ 8 ಚಿನ್ನದ ಬಣ್ಣದ ತಂತಿಗಳು ಸಾಲಾಗಿ ಕಾಣುತ್ತವೆ. ಪಕ್ಕದಲ್ಲಿ ಫೋನ್ ಎಂದು ಬರೆದಿರುವ ಸಾಕೆಟ್ ಕಿರಿದಾಗಿದೆ. ಅದರಲ್ಲಿ 6 ಸ್ಥಾನಗಳಿದ್ದರೂ ಸಾಮಾನ್ಯವಾಗಿ ನಡುವಿನ 2 ಅಥವಾ 4ಕ್ಕೆ ಮಾತ್ರ ತಂತಿ ಇರುತ್ತದೆ. ಹಳೆಯ ಡಿಎಸ್ಎಲ್ ಮೋಡೆಮಿನಲ್ಲಿ ಇಂಥದೇ ಕಿರಿದಾದ ಸಾಕೆಟ್ ಮೂಲಕ ಇಂಟರ್ನೆಟ್ ಮನೆಯೊಳಕ್ಕೆ ಬರುತ್ತಿತ್ತು. ಫೈಬರ್ ಮೋಡೆಮಿನಲ್ಲಾದರೋ ಅದು ಟೆಲಿಫೋನ್ ಉಪಕರಣವನ್ನು ಜೋಡಿಸಲು ಇರುವ ಹೊರದಾರಿಯಷ್ಟೇ.

ಫೋನ್ ಪ್ಲಗ್ ಸುಮಾರು 9.6 ಮಿಲಿಮೀಟರ್ ಅಗಲವಿದ್ದರೆ, ಲ್ಯಾನ್ ಪ್ಲಗ್ 11.7 ಮಿಲಿಮೀಟರಿನಷ್ಟಿದೆ. ಆದ್ದರಿಂದ ಚಿಕ್ಕದು ದೊಡ್ಡದರೊಳಗೆ ಸಲೀಸಾಗಿ ಕೂರುತ್ತದೆ, ಕೊಂಡಿಯೂ ಸಿಕ್ಕಿಕೊಳ್ಳುತ್ತದೆ. ಆದರೆ ಅದರ ನಾಲ್ಕು ಸಂಪರ್ಕಗಳು ಲ್ಯಾನ್ ಸಾಕೆಟ್ಟಿನ 3, 4, 5 ಮತ್ತು 6ನೇ ತಂತಿಗಳನ್ನು ಮಾತ್ರ ಮುಟ್ಟುತ್ತವೆ. 100 ಎಂಬಿಪಿಎಸ್ ಈಥರ್ನೆಟ್ಟಿಗೆ ಬೇಕಾಗಿರುವುದು 1 ಮತ್ತು 2ರ ಒಂದು ಜೋಡಿ, 3 ಮತ್ತು 6ರ ಇನ್ನೊಂದು ಜೋಡಿ; ಗಿಗಾಬಿಟ್ಟಿಗಂತೂ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ಮೊದಲ ಜೋಡಿಯೇ ಸಿಗದ ಮೇಲೆ ದೀಪ ಹತ್ತುವ ಪ್ರಶ್ನೆಯೇ ಇಲ್ಲ.

ಇದನ್ನು ಹೇಳಿದಾಗ ಚಿಕ್ಕಪ್ಪ ಸುಮ್ಮನಾಗಲಿಲ್ಲ. ವೈರಿನಲ್ಲಿ ನಾಲ್ಕು ಎಳೆಗಳಿವೆಯಲ್ಲ, ಅವುಗಳನ್ನೇ ದೊಡ್ಡ ಪ್ಲಗ್ಗಿನ 1, 2, 3, 6ಕ್ಕೆ ಹಾಕಿ ಕ್ರಿಂಪ್ ಮಾಡು ಎಂದರು. ಲೆಕ್ಕದ ಪ್ರಕಾರ ಅವರ ಮಾತು ಸರಿಯಾಗಿತ್ತು, ಹಾಗಾಗಿ ಮಾಡಿಯೇ ನೋಡಿದೆ. ದೀಪ ಹತ್ತಿತು! ಪರದೆಯಲ್ಲಿ 100 ಎಂಬಿಪಿಎಸ್ ಎಂದೂ ತೋರಿಸಿತು. ಆದರೆ ಕಂಪ್ಯೂಟರಿನಿಂದ ಮೋಡೆಮಿಗೆ ನೂರು ಸಲ ಕರೆ ಕಳುಹಿಸಿದಾಗ 23ಕ್ಕೆ ಉತ್ತರವೇ ಬರಲಿಲ್ಲ, ನಡುನಡುವೆ ದೀಪವೂ ಆರಿ ಹತ್ತುತ್ತಿತ್ತು.

```
ping -n 100 192.168.1.1
```

ಇಲ್ಲಿಯೇ ನಿಜವಾದ ವ್ಯತ್ಯಾಸವಿದೆ. ಲ್ಯಾನ್ ಕೇಬಲನ್ನು ಸೀಳಿದರೆ ಒಳಗೆ ನಾಲ್ಕು ಜೋಡಿ ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಜೋಡಿಯ ಒಂದು ಎಳೆಯಲ್ಲಿ ಸಂಕೇತ ಹೋದರೆ ಇನ್ನೊಂದರಲ್ಲಿ ಅದರ ವಿರುದ್ಧ ರೂಪ ಹೋಗುತ್ತದೆ. ಪಡೆಯುವ ತುದಿಯಲ್ಲಿ ಇವೆರಡರ ವ್ಯತ್ಯಾಸವನ್ನು ಮಾತ್ರ ಓದಲಾಗುತ್ತದೆ. ಹೊಸೆದಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಗಲುತ್ತದೆ, ವ್ಯತ್ಯಾಸ ತೆಗೆಯುವಾಗ ಅದು ಕಳೆದುಹೋಗುತ್ತದೆ. ಫೋನ್ ವೈರಿನ ಎಳೆಗಳು ಒಂದರ ಪಕ್ಕ ಒಂದು ನೇರವಾಗಿ ಮಲಗಿರುವುದರಿಂದ, ಕಳುಹಿಸುವ ಜೋಡಿಯ ಸಂಕೇತವೇ ಪಕ್ಕದ ಪಡೆಯುವ ಜೋಡಿಗೆ ಸೋರುತ್ತದೆ. ಮನುಷ್ಯನ ಧ್ವನಿಗೆ ಟೆಲಿಫೋನ್ ಬಳಸುವುದು 300ರಿಂದ 3400 ಹರ್ಟ್ಸ್ ಮಾತ್ರವಾದ್ದರಿಂದ ಅಲ್ಲಿ ಈ ಸೋರಿಕೆ ಕೇಳಿಸುವುದಿಲ್ಲ. 100 ಎಂಬಿಪಿಎಸ್ ಈಥರ್ನೆಟ್ ಕೋಟಿಗಟ್ಟಲೆ ಹರ್ಟ್ಸ್‌ನಲ್ಲಿ ಓಡುವಂಥದ್ದು. ತಂತಿ ತುಂಡಾಗಿದೆಯೇ ಎಂದಷ್ಟೇ ನೋಡುವ ಅಗ್ಗದ ಟೆಸ್ಟರ್ ಇಂಥ ವೈರಿಗೂ ಹಸಿರು ದೀಪವನ್ನೇ ತೋರಿಸುತ್ತದೆ ಎಂಬುದನ್ನು ಗಮನಿಸಿ. ಒಳ್ಳೆಯ ಕೇಬಲ್ ತಂದರೂ 3 ಮತ್ತು 6ಕ್ಕೆ ಒಂದೇ ಜೋಡಿಯ ಎಳೆಗಳನ್ನು ಹಾಕದೆ ಬಣ್ಣಗಳನ್ನು ಸಾಲಾಗಿ ಕೂರಿಸಿದವರಿಗೂ ಇದೇ ಗತಿ.

ಇದರ ತಿರುಗುಮುರುಗು ಮಾತ್ರ ನಡೆಯುತ್ತದೆ. ಲ್ಯಾನ್ ಕೇಬಲಿನ ಒಂದೇ ಜೋಡಿಯಲ್ಲಿ ಟೆಲಿಫೋನ್ ಚೆನ್ನಾಗಿ ಮಾತನಾಡುತ್ತದೆ.

ಕೊನೆಗೆ ಕ್ಯಾಟ್ 5ಇ ಲ್ಯಾನ್ ಕೇಬಲನ್ನು ಎಳೆದು, ಎರಡೂ ತುದಿಗೂ ಒಂದೇ ಬಣ್ಣದ ಕ್ರಮದಲ್ಲಿ ಎಂಟೂ ಎಳೆಗಳನ್ನು ಕೂರಿಸಿದೆ. ಎರಡೂ ಕಡೆ ಗಿಗಾಬಿಟ್ ಸಾಕೆಟ್ಟುಗಳೇ ಇದ್ದರೂ ಪರದೆಯಲ್ಲಿ ಮತ್ತೆ ಬಂದದ್ದು 100! ಟಾರ್ಚ್ ಹಿಡಿದು ಮೊದಲನೇ ಲ್ಯಾನ್ ಸಾಕೆಟ್ಟಿನೊಳಗೆ ನೋಡಿದಾಗ ಕಾರಣ ತಿಳಿಯಿತು. ಫೋನ್ ಪ್ಲಗ್ಗಿನ ಅಂಚಿನ ಪ್ಲಾಸ್ಟಿಕ್ಕಿನಲ್ಲಿ ತಂತಿ ಕೂರುವ ತೋಡು ಇಲ್ಲದಿರುವುದರಿಂದ ಅದು 1 ಮತ್ತು 8ನೇ ತಂತಿಗಳನ್ನು ಮಿತಿಮೀರಿ ಒತ್ತುತ್ತದೆ. ಚಿಕ್ಕಪ್ಪ ಅದನ್ನು ಹಲವು ಬಾರಿ ಹಾಕಿ ತೆಗೆದದ್ದರಿಂದ 8ನೆಯದು ಬಾಗಿ ಉಳಿದುಬಿಟ್ಟಿತ್ತು. ಎರಡನೇ ಸಾಕೆಟ್ಟಿಗೆ ಬದಲಾಯಿಸಿದ ಕೂಡಲೇ 1000 ಬಂತು. ಮೊದಲನೆಯದರ ಮೇಲೆ ಅಂಟಿಸಿರುವ ಈ ಕಪ್ಪು ಟೇಪು ಚಿಕ್ಕಮ್ಮನವರದು.